ತೊಗರಿಗೆ ತಕ್ಕಡಿ, ಕೂಸಿನ ಔಷಧಿಗೆ ಅಂದಾಜು?

ಇಂಗಳೇಶ್ವರದಿಂದ ಬಾಗೇವಾಡಿಗೆ ತೊಗರಿ ಒಯ್ದರೆ ತೂಕ ಮಾಡದೆ ಯಾರೂ ರೊಕ್ಕ ಎಣಿಸುವುದಿಲ್ಲ. ಜ್ವರ ಬಂದ ಕೂಸಿಗೆ ಔಷಧಿ ಕೇಳಿದರೆ ಮಾತ್ರ ಮೊದಲು ಬರುವ ಪ್ರಶ್ನೆ "ವಯಸ್ಸೆಷ್ಟು?" ಎಂಬುದು. "ನಾಲ್ಕು ವರ್ಷ" ಅಂದ ಕೂಡಲೇ ಉತ್ತರ ಸಿದ್ಧ: "ಒಂದು ಚಮಚ ಹಾಕ್ರಿ." ಈ ರೂಢಿ ನಿಲ್ಲಬೇಕು ಎನ್ನುವುದು ನಮ್ಮ ವಾದ. ಕಾರಣವನ್ನು ಎಲ್ಲರ ಮನೆಯಲ್ಲೂ ಇರುವ ಜ್ವರದ ಔಷಧಿ ಪ್ಯಾರಾಸಿಟಮಾಲ್ ಸಿರಪ್ಪಿನಿಂದಲೇ ಹೇಳುತ್ತೇವೆ.

ಒಂದೇ ಓಣಿಯ ಇಬ್ಬರು ಮಕ್ಕಳು ಎಂದುಕೊಳ್ಳಿ. ಇಬ್ಬರಿಗೂ ನಾಲ್ಕು ವರ್ಷ. ಒಂದು ಮಗು 16 ಕಿಲೋ, ಇನ್ನೊಂದು 11 ಕಿಲೋ. ವೈದ್ಯರು ಸಾಮಾನ್ಯವಾಗಿ ಬಳಸುವ ಲೆಕ್ಕ ಹೀಗಿದೆ: ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಹದಿನೈದರಂತೆ ಗುಣಿಸಿದರೆ 16 ಕಿಲೋ ಮಗುವಿಗೆ 240 ಮಿಲಿಗ್ರಾಂ, 11 ಕಿಲೋ ಮಗುವಿಗೆ 165 ಮಿಲಿಗ್ರಾಂ ಆಗುತ್ತದೆ.

ಬಾಟಲಿಯ ಮೇಲೆ "5 ಮಿಲಿಯಲ್ಲಿ 250 ಮಿಲಿಗ್ರಾಂ" ಎಂದಿದ್ದರೆ, 5 ಮಿಲಿ ಹಾಕಿದಾಗ ದಪ್ಪನೆಯ ಮಗುವಿಗೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಸಣಕಲು ಮಗುವಿಗೆ ಬೇಕಾದದ್ದು 3.3 ಮಿಲಿ, ಹೋಗುವುದು ಒಂದೂವರೆ ಪಟ್ಟು. ದಿನಕ್ಕೆ ನಾಲ್ಕು ಸಲ ಹಾಕಿದರೆ 660ರ ಜಾಗದಲ್ಲಿ 1000 ಮಿಲಿಗ್ರಾಂ. ಒಂದು ಸಲ ಹೀಗಾದರೆ ಮಗು ತಡೆದುಕೊಂಡೀತು. ಮೂರ್ನಾಲ್ಕು ದಿನ ಹೀಗೆ ನಡೆದರೆ ಅಪಾಯ. ಈ ಔಷಧಿಯನ್ನು ಕರಗಿಸುವ ಕೆಲಸ ಯಕೃತ್ತಿನದು. ಜ್ವರದಲ್ಲಿ ಊಟ ಬಿಟ್ಟ, ಮೊದಲೇ ಸೊರಗಿದ ಮಗುವಿನ ಯಕೃತ್ತಿಗೆ ಆ ಶಕ್ತಿ ಕಡಿಮೆ. ಅಂದರೆ ವಯಸ್ಸಿನ ಲೆಕ್ಕ ಹೆಚ್ಚು ಹಾಕುವುದು ಎಲ್ಲಕ್ಕಿಂತ ಬಡಕಲಾದ ಮಗುವಿಗೇ.

ನಮ್ಮ ರಾಜ್ಯದಲ್ಲಿ ಇಂಥ ಮಕ್ಕಳು ಅಪರೂಪವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 33 ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ.

ತಪ್ಪು ಇನ್ನೊಂದು ಕಡೆಗೂ ಆಗುತ್ತದೆ. ಅದೇ ಔಷಧಿ "5 ಮಿಲಿಯಲ್ಲಿ 120 ಮಿಲಿಗ್ರಾಂ" ಬಾಟಲಿಯಲ್ಲೂ ಬರುತ್ತದೆ. ಅದರಿಂದ ಅದೇ 5 ಮಿಲಿ ಹಾಕಿದರೆ 16 ಕಿಲೋ ಮಗುವಿಗೆ ಸಿಗುವುದು ಅರ್ಧ ಪಾಲು. ಜ್ವರ ಇಳಿಯುವುದಿಲ್ಲ, ತಾಯಿ ಎರಡು ತಾಸಿಗೆ ಮತ್ತೆ ಹಾಕುತ್ತಾಳೆ. ಆದ್ದರಿಂದ "ಒಂದು ಚಮಚ" ಎನ್ನುವುದು ಅಳತೆಯೇ ಅಲ್ಲ. ಮನೆಯ ಚಮಚಗಳೂ ಒಂದೊಂದು ಒಂದೊಂದು ಗಾತ್ರ. ಬಾಟಲಿಯ ಜೊತೆ ಬರುವ ಗೆರೆ ಇರುವ ಮುಚ್ಚಳ, ಇಲ್ಲವೇ ಸೂಜಿ ಇಲ್ಲದ ಸಿರಿಂಜ್ ಬಳಸಬೇಕು.

"ಅಂಗಡಿಯಲ್ಲಿ ತೂಕ ನೋಡುತ್ತ ಕೂಡಲು ಆಗುತ್ತದೆಯೇ?" ಎಂದು ಕೇಳುವವರಿದ್ದಾರೆ. ತೂಕ ಆಗಲೇ ಬರೆದಿಟ್ಟಿದೆ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತಾರೆ. ಆ ಅಂಕಿ ಪುಸ್ತಕದಲ್ಲೇ ಉಳಿಯುತ್ತದೆ, ಔಷಧಿ ಚೀಟಿಗೆ ಬರುವುದಿಲ್ಲ. ಇದೇ ನಮ್ಮ ತಕರಾರು. ಚೀಟಿಯ ಮೇಲೆ ಮಗುವಿನ ತೂಕವೂ ಎಷ್ಟು ಮಿಲಿ ಎಂಬುದೂ ಇರಲೇಬೇಕು. ಅಂಗನವಾಡಿಗೆ ಹೋಗದ ಕೂಸಾದರೆ ನೀವು ಕೂಸನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲಿ, ಆಮೇಲೆ ಒಬ್ಬರೇ ನಿಲ್ಲಿ, ಕಳೆಯಿರಿ. ಅಷ್ಟೇ.

"ಹಾಗಾದರೆ ಜಂತುಹುಳುವಿನ ಮಾತ್ರೆಯನ್ನು ಶಾಲೆಯಲ್ಲಿ ವಯಸ್ಸು ನೋಡಿಯೇ ಕೊಡುತ್ತಾರಲ್ಲ?" ನ್ಯಾಯವಾದ ಪ್ರಶ್ನೆ. ಆ ಅಲ್ಬೆಂಡಜೋಲ್ ಬಹುಪಾಲು ಕರುಳಿನಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದು ಸ್ವಲ್ಪ. ಅಲ್ಲಿ ವಯಸ್ಸಿನ ಲೆಕ್ಕ ನಡೆಯುತ್ತದೆ. ರಕ್ತಕ್ಕೆ ಸೇರಿ ಯಕೃತ್ತಿನಲ್ಲಿ ಕರಗಬೇಕಾದ ಔಷಧಿಗೆ ನಡೆಯುವುದಿಲ್ಲ.

ತೂಕವೊಂದೇ ಸಾಕು ಎಂದೂ ನಾವು ಹೇಳುತ್ತಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಲೆಕ್ಕ ಹಾಕದೆ ನೇರ ಡಾಕ್ಟರ ಬಳಿ ಒಯ್ಯಿರಿ. ತೀರ ಬಡಕಲಾದ ಮಗುವಿಗೂ, ಬೊಜ್ಜು ಬಂದ ಮಗುವಿಗೂ ಪ್ರಮಾಣವನ್ನು ಅವರೇ ಹೇಳಬೇಕು. ನೆಗಡಿಯ ಸಿರಪ್ಪಿನಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಎರಡನ್ನೂ ಹಾಕಿದರೆ ಲೆಕ್ಕ ತಪ್ಪುತ್ತದೆ.

ಹೆಚ್ಚಾಗಿದೆ ಎಂಬ ಅನುಮಾನ ಬಂದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಮೊದಲ ದಿನ ಮಗು ಆಡಿಕೊಂಡೇ ಇರಬಹುದು. ವಾಂತಿ, ಹೊಟ್ಟೆನೋವು, ಕಣ್ಣು ಹಳದಿಯಾಗುವುದು ಆಮೇಲೆ. ಇದಕ್ಕೆ ಮದ್ದು ಇದೆ, ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಬಾಟಲಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಯಾರಾದರೂ "ವಯಸ್ಸೆಷ್ಟು?" ಎಂದರೆ, ವಯಸ್ಸಿನ ಜೊತೆ ತೂಕವನ್ನೂ ಹೇಳಿ. "ಇಷ್ಟು ಕಿಲೋಗೆ ಈ ಬಾಟಲಿಯಿಂದ ಎಷ್ಟು ಮಿಲಿ?" ಎಂದು ಕೇಳಿ. ಉತ್ತರ ಬರೆಸಿಕೊಳ್ಳದೆ ಅಂಗಡಿ ಇಳಿಯಬೇಡಿ.