ಟೈಮ್‌ಔಟ್ ಅಂದ್ರೆ ಫೇಲ್ ಅಲ್ಲ ಸ್ವಾಮಿ

ನಮ್ಮ ಐಟಿ ಜನಕ್ಕೆ ಒಂದು ಕೆಟ್ಟ ಚಾಳಿ ಇದೆ. ಯಾವುದೇ ಸ್ಕ್ರಿಪ್ಟ್ ಕೈಕೊಟ್ಟರೂ "ಮೂರು ಸಲ ರಿಟ್ರೈ ಹಾಕ್ಬಿಡು ಗುರು" ಅಂತಾರೆ. ಡೇಟಾ ಓದೋ ಕೆಲಸಕ್ಕೆ ಅದು ಸರಿ, ನೂರು ಸಲ ಓದಿದರೂ ಏನೂ ಕೆಡಲ್ಲ. ಲೇಖನವನ್ನು ತಾನಾಗೇ ಪ್ರಕಟಿಸೋ ಸ್ಕ್ರಿಪ್ಟಿಗೂ ಅದೇ ಮದ್ದು ಕೊಡ್ತಾರಲ್ಲ, ನನ್ನ ತಕರಾರು ಅದರ ಮೇಲೆ.

ನಾನು ಹತ್ತಿರದಿಂದ ನೋಡಿದ ಒಂದು ವರ್ಡ್‌ಪ್ರೆಸ್ ಸುದ್ದಿತಾಣದ ಕಥೆ ಕೇಳಿ. ಸ್ಕ್ರಿಪ್ಟು ಉತ್ತರಕ್ಕೆ ಹತ್ತು ಸೆಕೆಂಡ್ ಕಾಯುತ್ತೆ. ಬರಲಿಲ್ಲ ಅಂದ್ರೆ ಇನ್ನೂ ಮೂರು ಸಲ ಪ್ರಯತ್ನಿಸುತ್ತೆ. ಆವತ್ತು ಸರ್ವರ್ ನಿಧಾನ ಇತ್ತು, ಒಂದು ಲೇಖನ ಪ್ರಕಟಿಸೋಕೆ ಹದಿನಾಲ್ಕು ಸೆಕೆಂಡ್ ಹಿಡೀತಿತ್ತು. ಹತ್ತನೇ ಸೆಕೆಂಡಿಗೆ ಸ್ಕ್ರಿಪ್ಟು ಬೇಸತ್ತು ಫೋನಿಟ್ಟಿತು. ಆದರೆ ಸರ್ವರ್ ತನ್ನ ಕೆಲಸ ನಿಲ್ಲಿಸಲಿಲ್ಲ, ಹದಿನಾಲ್ಕನೇ ಸೆಕೆಂಡಿಗೆ ಪ್ರಕಟಿಸಿಯೇಬಿಟ್ಟಿತು. ನಾಲ್ಕು ಸಲವೂ ಇದೇ ಆಯ್ತು. ಕೊನೆಗೆ ಲಾಗ್‌ನಲ್ಲಿ "ಫೇಲ್" ಅಂತ ಬಿತ್ತು. ತಾಣದಲ್ಲಿ ಒಂದೇ ಲೇಖನ ನಾಲ್ಕು ಸಲ, ಓದುಗರ ಮೊಬೈಲಿಗೆ ನಾಲ್ಕು ನೋಟಿಫಿಕೇಶನ್!

"ಒಂದೂ ಬರದಿರೋದಕ್ಕಿಂತ ಎರಡು ಬರೋದು ವಾಸಿ, ಡಿಲೀಟ್ ಮಾಡಿದ್ರಾಯ್ತು" ಅನ್ನೋರಿದ್ದಾರೆ. ಡಿಲೀಟ್ ಮಾಡೋರು ಯಾರು? ಬೆಳಗಿನ ಪಾಳಿಯ ಉಪಸಂಪಾದಕಿ. ಅಷ್ಟರಲ್ಲಿ ಯಾರೋ ಎರಡನೇ ಪ್ರತಿಯ ಲಿಂಕನ್ನು ವಾಟ್ಸಾಪಿಗೆ ಹಾಕಿರುತ್ತಾರೆ. ಅದನ್ನು ಅಳಿಸಿದರೆ ಒತ್ತಿದವರಿಗೆಲ್ಲ 404. ಹೋದ ನೋಟಿಫಿಕೇಶನ್ನನ್ನಂತೂ ವಾಪಸ್ ತರೋಕಾಗಲ್ಲ.

ಇಲ್ಲಿ ತಪ್ಪಿರೋದು ಲೆಕ್ಕ. ಗೆದ್ದಿತು, ಸೋತಿತು ಅಂತ ಎರಡೇ ಖಾನೆ ಇಟ್ಟುಕೊಂಡಿದ್ದಾರೆ. ಮೂರನೆಯದೊಂದಿದೆ: ಗೊತ್ತಿಲ್ಲ. ಸರ್ವರ್ 400, 401 ಅಥವಾ 403 ಅಂದರೆ ಅದು ಸ್ಪಷ್ಟ ಸೋಲು. ಕಳಿಸಿದ್ದನ್ನೇ ಮತ್ತೆ ಕಳಿಸಿದರೂ ಅದೇ ಉತ್ತರ, ಮನುಷ್ಯರೇ ನೋಡಿ ಸರಿಮಾಡಬೇಕು. ಟೈಮ್‌ಔಟ್ ಮತ್ತು 504 ಅಂದರೆ "ಗೊತ್ತಿಲ್ಲ". ಅಲ್ಲಿ ಮೊದಲು ಕೇಳಬೇಕು, ಆಮೇಲೆ ಕಳಿಸಬೇಕು. ನಮ್ಮೂರಲ್ಲಿ ಲಗ್ನಪತ್ರಿಕೆ ಹಂಚೋ ಹುಡುಗನೂ ಅನುಮಾನ ಬಂದರೆ "ಕಾಗದ ಬಂತಾ ಅಕ್ಕಾ?" ಅಂತ ಕೇಳಿಯೇ ಇನ್ನೊಂದು ಕೊಡ್ತಾನೆ.

ಆದರೆ ತಕ್ಷಣ ಕೇಳಿದರೂ ಮೋಸ ಹೋಗ್ತೀರಿ. ಹನ್ನೊಂದನೇ ಸೆಕೆಂಡಿಗೆ ಹುಡುಕಿದರೆ ಲೇಖನ ಸಿಗಲ್ಲ, ಯಾಕಂದ್ರೆ ಮೊದಲ ವಿನಂತಿ ಇನ್ನೂ ಓಡ್ತಿದೆ. ಹಾಗಾಗಿ ಕಾಯೋದರ ಮೇಲೆ ಭರವಸೆ ಇಡೋ ಬದಲು, ಎರಡು ಸಲ ಮಾಡಿದರೂ ಒಂದೇ ಫಲ ಕೊಡೋ ಹಾಗೆ ಕೆಲಸವನ್ನೇ ಒಡೆಯಿರಿ:

```
POST /wp-json/wp/v2/posts
{"title": "...", "content": "...", "status": "draft"}

POST /wp-json/wp/v2/posts/4127
{"slug": "male-varadi", "status": "publish"}
```

ಮೊದಲ ಹೆಜ್ಜೆ ಕರಡು ಮಾತ್ರ. ಅದು ಕೊಟ್ಟ ಐಡಿಯನ್ನು, ಇಲ್ಲಿ 4127, ನಿಮ್ಮ ಟೇಬಲ್‌ನಲ್ಲಿ ಬರೆದಿಟ್ಟ ಮೇಲಷ್ಟೇ ಎರಡನೇ ಹೆಜ್ಜೆ. ಮೊದಲನೆಯದು ಟೈಮ್‌ಔಟ್ ಆದರೆ ಧೈರ್ಯವಾಗಿ ಮತ್ತೆ ಮಾಡಿ, ಹೆಚ್ಚೆಂದರೆ ಒಂದು ಅನಾಥ ಕರಡು ಉಳಿಯುತ್ತೆ, ಓದುಗರಿಗೆ ಕಾಣಲ್ಲ, ವಾರಕ್ಕೊಮ್ಮೆ ಗುಡಿಸಿದರಾಯ್ತು. ಎರಡನೆಯದು ಟೈಮ್‌ಔಟ್ ಆದರೆ ಅದೇ ಐಡಿಗೆ ಮತ್ತೆ ಕಳಿಸಿ. ಹತ್ತು ಸಲ ಹೋದರೂ ಲೇಖನ ಒಂದೇ. ಸ್ಲಗ್ಗನ್ನು ಎರಡನೇ ಹೆಜ್ಜೆಗೆ ಇಟ್ಟಿದ್ದೂ ಬೇಕಂತಲೇ, ಇಲ್ಲದಿದ್ದರೆ ಅನಾಥ ಕರಡು ಒಳ್ಳೆ ವಿಳಾಸವನ್ನು ಹಿಡಿದು ಕೂರುತ್ತೆ.

ಒಂದು ಮಿತಿ ಇದೆ. ಲೇಖನ ಸೇವ್ ಆದಾಗಲೆಲ್ಲ ನೋಟಿಫಿಕೇಶನ್ ಕಳಿಸೋ ಪ್ಲಗಿನ್ ಇದ್ದರೆ ಈ ಉಪಾಯ ಅದನ್ನು ತಡೆಯಲ್ಲ. ಕರಡಿನಿಂದ ಪ್ರಕಟಣೆಗೆ ಬದಲಾದಾಗ ಮಾತ್ರ ಕಳಿಸೋದು ಬೇಕು.

ಮಾಸ್ಟೊಡಾನ್‌ನಂಥ ಕಡೆ ಇದಕ್ಕೇ ಒಂದು ಹೆಡರ್ ಕೊಟ್ಟಿದ್ದಾರೆ, `Idempotency-Key`. ಒಂದೇ ಕೀ ಎರಡು ಸಲ ಬಂದರೆ ಹೊಸ ಪೋಸ್ಟ್ ಆಗಲ್ಲ. ಆದರೆ ನೆನಪು ಒಂದು ಗಂಟೆ ಮಾತ್ರ. ಅದನ್ನೂ ಹಾಳುಮಾಡೋ ಮಹನೀಯರಿದ್ದಾರೆ: ರಿಟ್ರೈ ಲೂಪಿನ ಒಳಗೇ ಪ್ರತಿ ಸಲ ಹೊಸ ಕೀ ತಯಾರಿಸ್ತಾರೆ. ಕೀ ಇರಬೇಕಾದ್ದು ಲೇಖನಕ್ಕೊಂದು, ಪ್ರಯತ್ನಕ್ಕೊಂದಲ್ಲ.

ನಿಮ್ಮ ತಾಣ ಸರಿ ಇದೆಯಾ ಅನ್ನೋ ಅನುಮಾನವೇ? ಲೇಖನಗಳ ಸ್ಲಗ್‌ಗಳನ್ನು ತೆಗೆದು `-2` ಅಂತ ಮುಗಿಯೋದನ್ನು ಹುಡುಕಿ. ಒಂದೇ ವಿಳಾಸ ಎರಡು ಸಲ ಬಂದಾಗ ವರ್ಡ್‌ಪ್ರೆಸ್ ಹಾಕೋ ಬಾಲ ಅದು. ಒಂದೇ ಶೀರ್ಷಿಕೆ, ನಿಮಿಷದೊಳಗಿನ ಅಂತರ ಇದ್ದರೆ ನಿಮ್ಮ ರಿಟ್ರೈ ಸಿಕ್ಕಿಬಿತ್ತು ಅಂತಲೇ ಅರ್ಥ. ಲಾಗ್ ಸುಳ್ಳು ಹೇಳಬಹುದು, ಆ ಬಾಲ ಹೇಳಲ್ಲ.