ಅನುಭವವಿದೆ, ಪುರಾವೆಯಿಲ್ಲ: ಗಿಗ್ ಕಾರ್ಮಿಕರ ಮುಂದಿನ ನೌಕರಿಯ ಪ್ರಶ್ನೆ

ಊಟ ಮತ್ತು ದಿನಸಿ ತಲುಪಿಸುವ, ಆ್ಯಪ್ ಮೂಲಕ ಬರುವ ಪ್ರಯಾಣಿಕರನ್ನು ಕರೆದೊಯ್ಯುವ ದುಡಿಮೆಗಾರರ ಕುರಿತು ಕರ್ನಾಟಕದಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿರುವ ವಾಗ್ವಾದ ಎರಡು ನಿಲುವುಗಳ ನಡುವಿನ ಹಗ್ಗಜಗ್ಗಾಟವಾಗಿಯೇ ಉಳಿದಿದೆ. ಇವರು ತಮಗೆ ಬೇಕಾದಾಗ ದುಡಿಯುವ ಸ್ವತಂತ್ರ ಪಾಲುದಾರರೆಂದು ಕಂಪನಿಗಳು ವಾದಿಸುತ್ತವೆ. ಆದೇಶ, ದರ ಮತ್ತು ಶಿಕ್ಷೆ ಮೂರನ್ನೂ ಆ್ಯಪ್ ನಿರ್ಧರಿಸುವಾಗ ಅವರನ್ನು ನೌಕರರೆಂದೇ ಕರೆಯಬೇಕೆಂದು ಕಾರ್ಮಿಕ ಸಂಘಟನೆಗಳು ಪಟ್ಟು ಹಿಡಿಯುತ್ತವೆ. ನಿಗದಿತ ಉದ್ಯೋಗದಾತನಿಲ್ಲದೆ, ಒಂದೊಂದು ಕೆಲಸಕ್ಕೆ ಒಂದೊಂದು ಸಂಭಾವನೆಯಂತೆ ದುಡಿಯುವ ಇವರನ್ನು ‘ಗಿಗ್ ಕಾರ್ಮಿಕರು’ ಎಂದು ಕರೆದು, ಅವರಿಗಾಗಿ ರಾಜ್ಯವು 2025ರಲ್ಲಿ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ತಂದಾಗಲೂ ಚರ್ಚೆ ಈ ಗೆರೆಯನ್ನು ದಾಟಲಿಲ್ಲ. ಈ ಕೆಲಸದಲ್ಲಿ ನಾಲ್ಕೈದು ವರ್ಷ ಸವೆಸಿ, ತಿಂಗಳ ಸಂಬಳದ ನೌಕರಿಗೆ ಹೋಗಬಯಸುವವನಿಗೆ ಆ ವರ್ಷಗಳು ಏನಾಗಿ ಲೆಕ್ಕಕ್ಕೆ ಬರುತ್ತವೆ ಎಂಬ ಪ್ರಶ್ನೆಯನ್ನು ಎರಡೂ ಪಕ್ಷಗಳು ಕೇಳಲೇ ಇಲ್ಲ.

ಉತ್ತರ ಕಟುವಾಗಿದೆ: ಸದ್ಯದ ವ್ಯವಸ್ಥೆಯಲ್ಲಿ ಅವು ಶೂನ್ಯವಾಗಿ ಲೆಕ್ಕಕ್ಕೆ ಬರುತ್ತವೆ. ಇದಕ್ಕೆ ಕಾರಣ ಕೌಶಲದ ಕೊರತೆಯಲ್ಲ. ಗಳಿಸಿದ ಕೌಶಲಕ್ಕೆ ಪುರಾವೆ ಕೊಡುವವರು ಯಾರೂ ಇಲ್ಲದಿರುವುದೇ ಕಾರಣ. ಹೀಗಿರುವಾಗ ಗಿಗ್ ಕಾರ್ಮಿಕರಿಗೆ ‘ಕೌಶಲ ತರಬೇತಿ’ ಕೊಡಿಸುತ್ತೇವೆಂದು ಸರ್ಕಾರವೂ ಕಂಪನಿಗಳೂ ಸಾರುವ ಯೋಜನೆಗಳು ರೋಗವನ್ನೇ ತಪ್ಪಾಗಿ ಗುರುತಿಸಿ ಮದ್ದು ಕೊಟ್ಟಂತಿವೆ.

ಕೌಶಲವೆಂದರೆ ಇಲ್ಲಿ ಏನು ಎಂಬುದನ್ನು ಹತ್ತಿರದಿಂದ ನೋಡಬೇಕು. ರಾತ್ರಿ ಎಂಟೂವರೆಯ ದಟ್ಟಣೆಯಲ್ಲಿ ಒಬ್ಬ ಡೆಲಿವರಿ ಕಾರ್ಮಿಕನಿಗೆ ಒಟ್ಟಿಗೆ ಎರಡು ಆರ್ಡರ್ ಬೀಳುತ್ತವೆ; ಒಂದು ಹೋಟೆಲಿನ ಅಡುಗೆಮನೆಯಲ್ಲಿ ಇನ್ನೂ ಸಿದ್ಧವಾಗಿಲ್ಲ, ಇನ್ನೊಂದು ಪೊಟ್ಟಣ ಆಗಲೇ ತಣ್ಣಗಾಗುತ್ತಿದೆ. ಗ್ರಾಹಕ ಗುರುತಿಸಿದ ಲೊಕೇಶನ್ ಅಪಾರ್ಟ್‌ಮೆಂಟಿನ ಹಿಂಗೋಡೆಗೆ ಬಿದ್ದಿದ್ದರೆ, ಮುಂಬಾಗಿಲು ಯಾವ ರಸ್ತೆಯಲ್ಲಿದೆ ಎಂಬುದನ್ನು ಮ್ಯಾಪ್ ಹೇಳುವುದಿಲ್ಲ. ಅದನ್ನು ಅವನೇ ಫೋನಿನಲ್ಲಿ, ಕನ್ನಡವೋ ಹಿಂದಿಯೋ ತಮಿಳೋ ಯಾವುದು ನಡೆಯುತ್ತದೋ ಅದರಲ್ಲಿ, ಕೇಳಿ ತಿಳಿಯಬೇಕು. ಗ್ರಾಹಕರು ನಗದು ಕೊಟ್ಟರೆ ಅದರ ಲೆಕ್ಕ ಅವನ ತಲೆಯಲ್ಲಿರಬೇಕು, ಏಕೆಂದರೆ ಕೈಯಲ್ಲಿರುವ ನಗದು ಕಂಪನಿ ಇಟ್ಟ ಮಿತಿಯನ್ನು ದಾಟಿದರೆ ಅದನ್ನು ಜಮೆ ಮಾಡುವವರೆಗೆ ಹೊಸ ಆರ್ಡರ್ ಬರುವುದು ನಿಲ್ಲುತ್ತದೆ. ಸಮಯ, ದಾರಿ, ಹಣ ಮತ್ತು ಸಿಟ್ಟಾದ ಮನುಷ್ಯ ಈ ನಾಲ್ಕನ್ನೂ ಏಕಕಾಲಕ್ಕೆ ನಿಭಾಯಿಸುವ ಈ ಸಾಮರ್ಥ್ಯಕ್ಕೆ ಸರಕು ಸಾಗಣೆ ಉದ್ಯಮದಲ್ಲಿ ನಿಶ್ಚಿತ ಹುದ್ದೆಗಳೇ ಇವೆ.

ಕೊರಿಯರ್ ಮತ್ತು ಆನ್‌ಲೈನ್ ಮಾರಾಟದ ಪಾರ್ಸೆಲ್‌ಗಳು ಬಂದಿಳಿಯುವ ಹಬ್‌ನ ಪಾಳಿ ಮೇಲ್ವಿಚಾರಕನ ಹುದ್ದೆ ಇದಕ್ಕೆ ತಕ್ಕ ನಿದರ್ಶನ. ಬೆಳಗಿನ ಲೋಡ್ ಬಂದೊಡನೆ ಪಾರ್ಸೆಲ್‌ಗಳನ್ನು ಪಿನ್‌ಕೋಡ್ ಪ್ರಕಾರ ವಿಂಗಡಿಸಿ, ಯಾವ ಹುಡುಗನಿಗೆ ಯಾವ ಬಡಾವಣೆ ಎಂದು ಹಂಚಿ, ಸಂಜೆ ಹಿಂದಿರುಗಿದ ಪಾರ್ಸೆಲ್‌ಗಳಿಗೆ ‘ಬಾಗಿಲು ಹಾಕಿತ್ತು’, ‘ಫೋನ್ ಎತ್ತಲಿಲ್ಲ’ ಎಂಬಂಥ ಕಾರಣಗಳನ್ನು ದಾಖಲಿಸಿ, ಕ್ಯಾಶ್ ಆನ್ ಡೆಲಿವರಿಯ ಹಣವನ್ನು ತಾಳೆ ನೋಡುವುದು ಈ ಹುದ್ದೆಯ ದಿನಚರಿ. ಹಿಂದಿರುಗಿದ ಪಾರ್ಸೆಲ್‌ಗೆ ಬರೆದ ಕಾರಣ ನಿಜವೋ ಸುಳ್ಳೋ ಎಂದು ಪದವಿ ಮುಗಿಸಿ ನೇರವಾಗಿ ಬಂದವನಿಗಿಂತ, ನೂರಾರು ಮುಚ್ಚಿದ ಬಾಗಿಲುಗಳ ಮುಂದೆ ನಿಂತು ಬಂದವನು ಬೇಗ ಹಿಡಿಯಬಲ್ಲ. ಆದರೂ ಅರ್ಜಿ ಹಾಕಿದಾಗ ಅವನನ್ನು ಕೇಳುವುದು ಮೂರು ಕಾಗದಗಳನ್ನು: ಹಿಂದಿನ ನೇಮಕಾತಿ ಪತ್ರ, ಕೊನೆಯ ತಿಂಗಳುಗಳ ಸಂಬಳ ಚೀಟಿ ಮತ್ತು ಕೆಲಸದಿಂದ ಬಿಡುಗಡೆಗೊಳಿಸಿದ ಪತ್ರ. ಪಾಲುದಾರನೆಂದು ಕರೆಸಿಕೊಂಡವನ ಬಳಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಹೀಗಾಗಿ ನಾಲ್ಕು ವರ್ಷ ದುಡಿದವನು ಅರ್ಜಿಯ ಅನುಭವದ ಅಂಕಣದಲ್ಲಿ ಹೊಸಬನಾಗಿ ನಿಲ್ಲುತ್ತಾನೆ.

ಕಾರ್ಖಾನೆಯ ಕಾರ್ಮಿಕನಿಗೆ ಈ ದೇಶದ ಕಾನೂನು ಇಷ್ಟು ನಿರ್ದಯವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ, ಅಂದರೆ ಕಾರ್ಖಾನೆಗಳ ಸೇವಾ ನಿಯಮಗಳನ್ನು ಲಿಖಿತವಾಗಿ ನಿಗದಿಪಡಿಸುವ ಕಾನೂನಿನಡಿ, ರೂಪುಗೊಂಡ ಮಾದರಿ ನಿಯಮಗಳು ಕಾಯಂ ಕಾರ್ಮಿಕನು ನಿವೃತ್ತನಾಗಲಿ, ವಜಾಗೊಳ್ಳಲಿ, ಸೇವಾ ಪ್ರಮಾಣಪತ್ರ ಪಡೆಯಲು ಹಕ್ಕುದಾರನೆಂದು ಹೇಳಿದ್ದವು. ವಜಾಗೊಂಡ ಗಿರಣಿ ಕಾರ್ಮಿಕನಿಗೂ ಅಂದು ಒಪ್ಪಿದ್ದ ಹಕ್ಕು, ಪ್ರತಿ ಹೆಜ್ಜೆಯೂ ಕಂಪ್ಯೂಟರಿನಲ್ಲಿ ದಾಖಲಾಗುವ ಇಂದಿನ ದುಡಿಮೆಗಾರನಿಗೆ ಇಲ್ಲದಿರುವುದನ್ನು ತಂತ್ರಜ್ಞಾನದ ತೊಡಕೆಂದು ಯಾರೂ ಸಮರ್ಥಿಸಲಾರರು.

ಆ್ಯಪ್‌ನಲ್ಲಿರುವ ರೇಟಿಂಗ್ ಸಾಲದೇ ಎಂಬ ಮಾತು ಇಲ್ಲಿ ಬರುವುದುಂಟು. ಸಾಲದು ಎನ್ನುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಬಹುತೇಕ ಗ್ರಾಹಕರು ಐದು ನಕ್ಷತ್ರ ಒತ್ತಿ ಮುಂದೆ ಹೋಗುವುದರಿಂದ ರೇಟಿಂಗ್‌ಗಳೆಲ್ಲ ಮೇಲ್ತುದಿಯಲ್ಲೇ ಗುಂಪುಗೂಡಿ, ನುರಿತವನಿಗೂ ನಿನ್ನೆ ಸೇರಿದವನಿಗೂ ಅಂತರ ಕಾಣದಂತಾಗುತ್ತದೆ; ಅಂತರ ಕಂಡರೂ ಅದರಲ್ಲಿ ಹೋಟೆಲಿನ ತಡ, ಮಳೆ ಮತ್ತು ಗ್ರಾಹಕನ ಮನಸ್ಥಿತಿ ಬೆರೆತಿರುತ್ತವೆ. ಎರಡನೆಯದಾಗಿ, ಖಾತೆ ಬಂದ್ ಆದ ದಿನವೇ ಆ ಅಂಕಿಯೂ ಅವನ ಕೈತಪ್ಪುತ್ತದೆ. ತನ್ನ ದತ್ತಾಂಶವನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ವೈಯಕ್ತಿಕ ದತ್ತಾಂಶ ರಕ್ಷಣೆಯ 2018ರ ಕರಡಿನಲ್ಲೂ 2019ರ ಮಸೂದೆಯಲ್ಲೂ ಇತ್ತು. 2023ರಲ್ಲಿ ಅಂಗೀಕಾರಗೊಂಡ ಕಾಯ್ದೆಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ.

ಸರ್ಕಾರಿ ಕೌಶಲ ಯೋಜನೆಗಳೂ ಈ ಕಂದಕವನ್ನು ತುಂಬಿಲ್ಲ. ಶಾಲೆಯ ಹೊರಗೆ, ದುಡಿಮೆಯಲ್ಲಿ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಕಲ್ಪನೆ ಒಳ್ಳೆಯದೇ. ಆದರೆ ಅದು ಸಾಮಾನ್ಯವಾಗಿ ಕಾರ್ಮಿಕನನ್ನು ಅವನು ಈಗಾಗಲೇ ಮಾಡುತ್ತಿರುವ ಕೆಲಸದ ಮಾನದಂಡಕ್ಕೇ ಒರೆಹಚ್ಚುತ್ತದೆ. ಕೊರಿಯರ್ ತಲುಪಿಸುವವನಿಗೆ ಕೊರಿಯರ್ ತಲುಪಿಸಲು ಬರುತ್ತದೆ ಎಂಬ ಪತ್ರದಿಂದ ಅವನಿಗಾಗಲಿ ಮುಂದಿನ ಉದ್ಯೋಗದಾತನಿಗಾಗಲಿ ಹೊಸದೇನೂ ತಿಳಿಯುವುದಿಲ್ಲ. ಮೇಲಿನ ಹುದ್ದೆಗೆ ಅವನಲ್ಲಿ ಎಷ್ಟಿದೆ, ಇನ್ನೆಷ್ಟು ಬೇಕು ಎಂದು ಅಳೆದಿದ್ದರೆ ಅದು ಏಣಿಯಾಗುತ್ತಿತ್ತು. ಅಸಂಘಟಿತ ಕಾರ್ಮಿಕರಿಗೆಂದು 2021ರಲ್ಲಿ ಆರಂಭವಾದ ಇ-ಶ್ರಮ್ ಪೋರ್ಟಲ್‌ನ ನೋಂದಣಿಯೂ ಸ್ವಯಂಘೋಷಣೆಯನ್ನು ಆಧರಿಸಿದೆ. ಅದು ಗುರುತು ಕೊಡುತ್ತದೆ, ಸೇವೆಯ ಅವಧಿಗೆ ಸಾಕ್ಷಿಯಾಗುವುದಿಲ್ಲ.

ವಾಹನ ಚಾಲನೆಯ ದಾರಿಯಲ್ಲಿ ತೊಡಕು ಬೇರೆ ಬಗೆಯದು. ಬೈಕಿನಲ್ಲಿ ದುಡಿಯುವವನು ಬಸ್ಸು ಅಥವಾ ಲಾರಿ ಚಾಲಕನಾಗಬೇಕಾದರೆ ಮೊದಲು ಲಘು ಮೋಟಾರು ವಾಹನದ, ಅಂದರೆ ಕಾರಿನ ವರ್ಗದ, ಲೈಸೆನ್ಸ್ ಪಡೆಯಬೇಕು. ಅದನ್ನು ಪಡೆದು ಒಂದು ವರ್ಷವಾಗದೆ ಸಾರಿಗೆ ವಾಹನದ ಎಲ್‌ಎಲ್‌ಆರ್ ಕೊಡುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 7ನೇ ಕಲಮು ಹೇಳುತ್ತದೆ. ಭಾರಿ ವಾಹನದ ಲೈಸೆನ್ಸ್ ಬಂದ ಮೇಲೂ ಸಾರಿಗೆ ನಿಗಮಗಳಂಥ ಕಡೆ ಆ ಲೈಸೆನ್ಸಿನ ಮೇಲೆ ಕೆಲವು ವರ್ಷಗಳ ಅನುಭವ ಕೇಳಲಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಈ ಕ್ರಮ ಸರಿಯಾದದ್ದೇ, ಬೈಕಿನ ಅನುಭವ ಬಸ್ಸಿನ ಸ್ಟೇರಿಂಗಿಗೆ ಪರ್ಯಾಯವಾಗಲಾರದು. ನಡುವೆ ಒಂದು ಮೆಟ್ಟಿಲಿದೆ ಎಂಬುದನ್ನು ಮಾತ್ರ ಮರೆಯಬಾರದು. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಇರುವವನು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದೆಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಹೀಗಾಗಿ ಕಾರಿನ ಲೈಸೆನ್ಸ್ ಪಡೆದವನು ಸಣ್ಣ ಗೂಡ್ಸ್ ವಾಹನದಲ್ಲಿ ದುಡಿಯುತ್ತಲೇ ಕಡ್ಡಾಯದ ಆ ಒಂದು ವರ್ಷವನ್ನು ಕಳೆದು, ಭಾರಿ ವಾಹನದ ಕಡೆಗೆ ಹೋಗಬಹುದು. ಸಾರಿಗೆ ವಾಹನದ ಚಾಲಕನಿಗೆ ಕಡ್ಡಾಯವಾಗಿದ್ದ ಎಂಟನೇ ತರಗತಿಯ ಅರ್ಹತೆಯನ್ನೂ ಕೇಂದ್ರ ಸರ್ಕಾರ 2019ರಲ್ಲೇ ತೆಗೆದುಹಾಕಿದೆ. ಬಾಗಿಲು ತೆರೆದಿರುವಾಗ ತಡೆಯುತ್ತಿರುವುದು ಡ್ರೈವಿಂಗ್ ಸ್ಕೂಲಿನ ಶುಲ್ಕ ಮತ್ತು ಕಲಿಯುವ ವಾರಗಳಲ್ಲಿ ನಿಲ್ಲುವ ದಿನದ ಸಂಪಾದನೆ. ದಿನದ ದುಡ್ಡಿನಲ್ಲಿ ಬೈಕಿನ ಕಂತು ಕಟ್ಟುವವನಿಗೆ ಒಂದು ತಿಂಗಳ ತರಬೇತಿ ಎಂದರೆ ತಪ್ಪಿದ ಒಂದು ಕಂತು.

ಪರಿಹಾರದ ಸಾಧನ ರಾಜ್ಯದ ಕೈಯಲ್ಲೇ ಇದೆ ಎಂಬುದು ಈ ವಿವಾದದ ವ್ಯಂಗ್ಯ. 2025ರ ಕಾಯ್ದೆ ಪ್ರತಿ ಗಿಗ್ ಕಾರ್ಮಿಕನಿಗೆ ಎಲ್ಲ ಆ್ಯಪ್‌ಗಳಿಗೂ ಅನ್ವಯಿಸುವ ಒಂದೇ ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಮಾಡುತ್ತದೆ. ಆ ಪಾವತಿಗಳು ಸರ್ಕಾರದ ಪರಿಶೀಲನಾ ವ್ಯವಸ್ಥೆಯಲ್ಲಿ ದಾಖಲಾಗಬೇಕೆಂದೂ ಹೇಳುತ್ತದೆ. ಶುಲ್ಕ ವಸೂಲಿಗೆ ಬೇಕಾಗುವ ಈ ಲೆಕ್ಕವೇ ಸೇವಾ ದಾಖಲೆಯ ಬುನಾದಿಯಾಗಬಲ್ಲದು. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಂಥ ಕೆಲಸ, ಎಷ್ಟು ಬಾರಿ ಎಂಬ ವಿವರಕ್ಕೆ ವಾಹನದ ವರ್ಗವನ್ನೂ ಕಂಪನಿಗಳಿಂದ ಪಡೆದು ಸೇರಿಸಿ, ಕಾರ್ಮಿಕ ಕೇಳಿದಾಗ ಕಲ್ಯಾಣ ಮಂಡಳಿಯೇ ಮುದ್ರೆಯೊತ್ತಿ ‘ಸೇವಾ ಪತ್ರ’ ಕೊಡಬೇಕು. ಅದರಲ್ಲಿ ರೇಟಿಂಗ್ ಇರಕೂಡದು. ಕಲ್ಯಾಣ ನಿಧಿಯ ಒಂದು ಪಾಲು ಲೈಸೆನ್ಸ್ ತರಬೇತಿಯ ಶುಲ್ಕಕ್ಕೂ ಕಲಿಕೆಯ ದಿನಗಳ ಭತ್ಯೆಗೂ ಮೀಸಲಾಗಬೇಕು. ಸಾರಿಗೆ ನಿಗಮಗಳು ಮತ್ತು ಸರ್ಕಾರದ ಹೊರಗುತ್ತಿಗೆ ಏಜೆನ್ಸಿಗಳು ಸೂಕ್ತ ಹುದ್ದೆಗಳಿಗೆ ಈ ಪತ್ರವನ್ನು ಅನುಭವದ ದಾಖಲೆಯೆಂದು ಒಪ್ಪಬೇಕು. ಸರ್ಕಾರವೇ ಒಪ್ಪದ ಪತ್ರಕ್ಕೆ ಖಾಸಗಿಯವರು ಬೆಲೆ ಕೊಡುವುದಿಲ್ಲ.

ಇದಕ್ಕೆ ಎರಡೂ ಕಡೆಯಿಂದ ಆಕ್ಷೇಪ ಬರುತ್ತದೆ. ದುಡಿಮೆಯ ದಾಖಲೆ ತಮ್ಮ ವ್ಯಾಪಾರದ ಗುಟ್ಟೆಂದು ಕಂಪನಿಗಳು ಹೇಳಬಹುದು. ಆದರೆ ಒಬ್ಬ ಮನುಷ್ಯ ಎಷ್ಟು ತಿಂಗಳು ದುಡಿದನೆಂಬುದು ಯಾವ ಗಣಿತಸೂತ್ರದ ರಹಸ್ಯವನ್ನೂ ಬಯಲು ಮಾಡುವುದಿಲ್ಲ. ಇದು ಕಾರ್ಮಿಕರನ್ನು ಬೇರೆ ನೌಕರಿಯ ಆಸೆಗೆ ಬೀಳಿಸಿ, ಈಗಿನ ದುಡಿಮೆಯನ್ನು ಸುಧಾರಿಸುವ ಹೋರಾಟವನ್ನು ದುರ್ಬಲಗೊಳಿಸುತ್ತದೆ ಎಂಬ ಸಂಘಟನೆಗಳ ಆತಂಕ ಹೆಚ್ಚು ಗಂಭೀರವಾದದ್ದು. ಅದು ಅರ್ಧ ನಿಜ. ಹೊರಹೋಗುವ ದಾರಿ ಎಲ್ಲರಿಗೂ ಸಾಲುವಷ್ಟು ಅಗಲವಾಗಿಲ್ಲ; ದೇಶದಲ್ಲಿ 2020-21ರಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರೆಂದು ನೀತಿ ಆಯೋಗ ಅಂದಾಜಿಸಿತ್ತು, ಅಷ್ಟು ಹಬ್ ಮೇಲ್ವಿಚಾರಕರು ಯಾವ ದೇಶಕ್ಕೂ ಬೇಕಿಲ್ಲ. ಆದರೂ ಬಿಟ್ಟುಹೋಗಬಲ್ಲವನ ಮಾತಿಗೆ ಇರುವ ತೂಕ ಬಿಡಲಾರದವನ ಮಾತಿಗೆ ಇರುವುದಿಲ್ಲ. ರಾಜ್ಯದಲ್ಲಿ ಬೈಕ್ ಟ್ಯಾಕ್ಸಿಗಳು 2025ರ ಜೂನ್ 16ರಂದು ಸ್ಥಗಿತಗೊಂಡಾಗ ಅವುಗಳ ಚಾಲಕರ ಕೈಯಲ್ಲಿ ತಮ್ಮ ದುಡಿಮೆಯ ಒಂದು ಹಾಳೆ ಪುರಾವೆಯೂ ಇರಲಿಲ್ಲ ಎಂಬುದನ್ನು ಸಂಘಟನೆಗಳೂ ಗಮನಿಸಬೇಕು.

ಸ್ಥಿರ ನೌಕರಿ ಎಂಬ ಹೆಸರಿನಲ್ಲಿ ಸಿಗುವುದೆಲ್ಲ ಸ್ಥಿರವಲ್ಲ ಎಂಬ ಎಚ್ಚರವೂ ಬೇಕು. ಏಜೆನ್ಸಿಯೊಂದರ ಮೂಲಕ ಹನ್ನೊಂದು ತಿಂಗಳ ಗುತ್ತಿಗೆಗೆ ಸೇರಿದವನು ಆ್ಯಪ್‌ನ ಅನಿಶ್ಚಿತತೆಯನ್ನು ಬಿಟ್ಟು ಗುತ್ತಿಗೆದಾರನ ಅನಿಶ್ಚಿತತೆಗೆ ಬಂದಿರುತ್ತಾನೆ, ಅದೂ ಕೆಲವೊಮ್ಮೆ ಕಡಿಮೆ ಸಂಪಾದನೆಗೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೌಕರರಿಗೆ ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ಆ ಪತ್ರ, ಭವಿಷ್ಯನಿಧಿಯ ಖಾತೆ ಮತ್ತು ಇಎಸ್‌ಐ ಅಥವಾ ಅದಕ್ಕೆ ಸಮನಾದ ಆರೋಗ್ಯ ರಕ್ಷಣೆ ಇವು ಇದ್ದರೆ ಮಾತ್ರ ಅದನ್ನು ಸ್ಥಿರ ನೌಕರಿ ಎಂದು ಸರ್ಕಾರ ತನ್ನ ಅಂಕಿಅಂಶದಲ್ಲಿ ಎಣಿಸಬೇಕು. ಖಾತೆ ಬಂದ್ ಮಾಡುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟಿಸ್ ಕೊಡಬೇಕೆಂದು ರಾಜ್ಯದ ಕಾಯ್ದೆ ಈಗಾಗಲೇ ಕಂಪನಿಗಳಿಗೆ ವಿಧಿಸಿದೆ. ಆ ನೋಟಿಸಿನ ಜೊತೆಗೇ ಸೇವಾ ಪತ್ರವೂ ಕಾರ್ಮಿಕನ ಕೈ ಸೇರಬೇಕೆಂದು ನಿಯಮಗಳಲ್ಲಿ ಒಂದು ಸಾಲು ಸೇರಿಸಲು ಹೊಸ ಕಾಯ್ದೆಯಾಗಲಿ ಹೊಸ ತೆರಿಗೆಯಾಗಲಿ ಬೇಕಿಲ್ಲ. ಅದನ್ನು ಸೇರಿಸದೆ ಇನ್ನೊಂದು ತರಬೇತಿ ಶಿಬಿರವನ್ನು ಉದ್ಘಾಟಿಸುವ ಸಚಿವರ ಬಳಿ ಕಾರ್ಮಿಕರು ಮೊದಲು ಕೇಳಬೇಕಾದದ್ದೂ ಆ ಸಾಲನ್ನೇ.