ಮೈಲುತುತ್ತದ ಚೀಟಿಯಲ್ಲಿ ಡಾಲರಿನ ಲೆಕ್ಕವೂ ಇರಲಿ

ಮಾರ್ಚ್ ತಿಂಗಳಲ್ಲಿ ಮೈಲುತುತ್ತಕ್ಕೆ ಮುಂಗಡ ಕಟ್ಟಿ ಚೀಟಿ ಪಡೆದ ಸದಸ್ಯರು ಮೇ ಕೊನೆಯಲ್ಲಿ ಗೋದಾಮಿಗೆ ಬಂದಾಗ, ಚೀಟಿಯ ಬೆಲೆಯೇ ಬೇರೆ, ಬಿಲ್ಲಿನ ಬೆಲೆಯೇ ಬೇರೆ ಆಗಿದ್ದುಂಟು. ಡಾಲರ್ ಏರಿದೆ ಎಂಬುದೊಂದೇ ಸಮಜಾಯಿಷಿ. ಎಷ್ಟು ಏರಿತು, ಅದಕ್ಕೆ ಕಿಲೊಗೆ ಎಷ್ಟು ಏರಬೇಕು ಎಂದು ಕೇಳಿದರೆ ಗುಮಾಸ್ತರ ಬಳಿ ಉತ್ತರವಿರಲಿಲ್ಲ. ತಪ್ಪು ಅವರದಲ್ಲ. ಲೆಕ್ಕವನ್ನು ಚೀಟಿಯಲ್ಲೇ ಕಾಣಿಸದೆ ಬಿಟ್ಟವರು ಆಡಳಿತ ಮಂಡಳಿಯಲ್ಲಿರುವ ನಾವು.

ಇದು ಬರೀ ಮನಸ್ತಾಪದ ಮಾತಲ್ಲ. ಹಠಾತ್ತನೆ ಬೆಲೆ ಏರಿದ್ದು ಕಂಡ ಸಣ್ಣ ಬೆಳೆಗಾರ ನಾಲ್ಕು ಕಿಲೊ ಕಡಿಮೆ ಒಯ್ಯುತ್ತಾನೆ; 200 ಲೀಟರಿನ ಬ್ಯಾರೆಲ್ಲಿಗೆ ಎರಡು ಕಿಲೊ ಹಾಕುವ ಬದಲು ಒಂದೂವರೆ ಹಾಕುತ್ತಾನೆ. ಬೋರ್ಡೋ ತೆಳುವಾದರೆ ಮುಂದೇನಾಗುತ್ತದೆಂದು ಕೊಳೆರೋಗ ಕಂಡ ಅಡಿಕೆ ತೋಟದವರಿಗೆ ನಾವು ಹೇಳಬೇಕಾಗಿಲ್ಲ.

ಮೈಲುತುತ್ತಕ್ಕೂ ಡಾಲರಿಗೂ ಏನು ನಂಟು? ಅದರ ತೂಕದ ಸುಮಾರು ಕಾಲು ಭಾಗ ತಾಮ್ರ. ತಾಮ್ರದ ಬೆಲೆ ಲಂಡನ್ನಿನ ಲೋಹ ಪೇಟೆಯಲ್ಲಿ ಡಾಲರಿನಲ್ಲಿ ನಿಗದಿಯಾಗುತ್ತದೆ. ಆದ್ದರಿಂದ ಮಾಲು ನಮ್ಮ ದೇಶದಲ್ಲೇ ತಯಾರಾದರೂ ಬೆಲೆಯ ದೊಡ್ಡ ಪಾಲು ಡಾಲರಿನ ಬೆನ್ನು ಹತ್ತಿ ಓಡುತ್ತದೆ. ಆದರೆ ಗಂಧಕಾಮ್ಲ, ಕೂಲಿ, ಚೀಲ, ಲಾರಿ ಬಾಡಿಗೆ, ಸಂಘದ ಖರ್ಚು, ಇವೆಲ್ಲ ರೂಪಾಯಿಯವು. ಡಾಲರ್ ನೂರಕ್ಕೆ ಮೂರು ಏರಿತೆಂದು ಇಡೀ ಬೆಲೆಯನ್ನು ನೂರಕ್ಕೆ ಮೂರು ಏರಿಸುವುದು ಆದ್ದರಿಂದಲೇ ಅನ್ಯಾಯ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಚೀಟಿ ಬರೆದ ದಿನ ಡಾಲರಿಗೆ 90 ರೂಪಾಯಿ. ಮೈಲುತುತ್ತ ಕಿಲೊಗೆ ತೆರಿಗೆ ಬಿಟ್ಟು 300 ರೂಪಾಯಿ. ಅದರಲ್ಲಿ ತಾಮ್ರದ ಪಾಲು 2 ಡಾಲರ್, ಅಂದರೆ 180 ರೂಪಾಯಿ. ಉಳಿದ 120 ರೂಪಾಯಿಗೆ ಡಾಲರಿನ ಗೊಡವೆ ಇಲ್ಲ. ಹಾಗಿದ್ದರೆ ಡಾಲರ್ ಒಂದು ರೂಪಾಯಿ ಏರಿದರೆ ಕಿಲೊಗೆ ಎರಡು ರೂಪಾಯಿ ಏರಬೇಕು, ಇಳಿದರೆ ಎರಡು ರೂಪಾಯಿ ಇಳಿಯಬೇಕು. ಸಣ್ಣಪುಟ್ಟ ಏರಿಳಿತಕ್ಕೆಲ್ಲ ಬಿಲ್ಲು ತಿದ್ದುವುದು ಬೇಡ. ಮೊದಲ ಒಂದು ರೂಪಾಯಿಯ ವ್ಯತ್ಯಾಸ, ಲಾಭವಾಗಲಿ ನಷ್ಟವಾಗಲಿ, ಸಂಘದ್ದೇ ಇರಲಿ. ಚೀಟಿಯ ಮೇಲೆ ಹೀಗೆ ಅಚ್ಚಾಗಲಿ:

"ಈ ಬೆಲೆ ಡಾಲರಿಗೆ 90 ರೂ. ದರದ ಮೇಲೆ ಹಾಕಿದ್ದು. ಸರಬರಾಜಿನ ದಿನ ದರವು ಇದಕ್ಕಿಂತ 1 ರೂ.ಗಿಂತ ಹೆಚ್ಚು ಬದಲಾದರೆ, ಆ 1 ರೂ. ಕಳೆದು ಉಳಿದ ವ್ಯತ್ಯಾಸವನ್ನು 2ರಿಂದ ಗುಣಿಸಿ, ಬಂದ ಮೊತ್ತವನ್ನು ಕಿಲೊ ಬೆಲೆಗೆ ಕೂಡಿಸಲಾಗುವುದು ಅಥವಾ ಕಳೆಯಲಾಗುವುದು."

ಡಾಲರ್ 93 ಆದರೆ ವ್ಯತ್ಯಾಸ 3. ಒಂದು ಕಳೆದು 2. ಎರಡರಿಂದ ಗುಣಿಸಿದರೆ 4. ಬೆಲೆ 304. ಇಪ್ಪತ್ತು ಬ್ಯಾರೆಲ್ ಹೊಡೆಯುವವರಿಗೆ 40 ಕಿಲೊಗೆ 160 ರೂಪಾಯಿ ಹೆಚ್ಚು. ಇಡೀ ಬೆಲೆಯ ಮೇಲೆ ಏರಿಸಿದ್ದರೆ ಕಿಲೊಗೆ 310 ಆಗಿ, ಅದೇ 40 ಕಿಲೊಗೆ 400 ರೂಪಾಯಿ ತೆರಬೇಕಿತ್ತು. ಡಾಲರ್ 88ಕ್ಕೆ ಇಳಿದರೆ ಬೆಲೆ 298. ಇಳಿದಾಗ ಮರೆತುಬಿಡುವ ಸೂತ್ರವನ್ನು ಯಾರೂ ನಂಬುವುದಿಲ್ಲ.

ಯಾವ ದರ ಎಂಬುದರಲ್ಲೇ ಜಗಳ ಹುಟ್ಟುವುದು. ಬ್ಯಾಂಕಿನ ಮಾರಾಟ ದರದಲ್ಲಿ ಬ್ಯಾಂಕಿನ ಕಮಿಷನ್ನೂ ಸೇರಿರುತ್ತದೆ. ಚೀಟಿಗೆ ಒಂದು ದರ, ಬಿಲ್ಲಿಗೆ ಇನ್ನೊಂದು ದರ ಹಿಡಿದರೆ ಡಾಲರ್ ಅಲುಗಾಡದಿದ್ದರೂ ಬೆಲೆ ಏರಿದಂತೆ ಕಾಣುತ್ತದೆ. 2018ರ ಜುಲೈಯಿಂದ ಎಫ್‌ಬಿಐಎಲ್ ಸಂಸ್ಥೆ ಪ್ರಕಟಿಸುತ್ತಿರುವ ಉಲ್ಲೇಖ ದರವನ್ನೇ ಎರಡೂ ಕಡೆ ಹಿಡಿಯಬೇಕು. 'ಸರಬರಾಜಿನ ದಿನ' ಎಂದರೆ ಕಾರ್ಖಾನೆಯವರು ನಮಗೆ ಬಿಲ್ಲು ಮಾಡಿದ ದಿನ; ಸದಸ್ಯರು ಚೀಲ ಒಯ್ಯುವ ದಿನವಲ್ಲ. ಆ ದಿನದ ದರವನ್ನು ಗೋದಾಮಿನ ಬಾಗಿಲಲ್ಲಿ ಬರೆದು ಹಾಕಿದರೆ ಯಾರು ಬೇಕಾದರೂ ಲೆಕ್ಕ ಹಾಕಿಕೊಳ್ಳಬಹುದು.

ಈ ಸೂತ್ರಕ್ಕೆ ಒಂದು ಮಿತಿಯುಂಟು. ತಾಮ್ರದ ಬೆಲೆಯೇ ಲಂಡನ್ನಿನಲ್ಲಿ ಏರಿದರೆ ಇದು ಉತ್ತರ ಕೊಡುವುದಿಲ್ಲ. ಆದ್ದರಿಂದ ಸಂಘವು ಆರ್ಡರು ಕೊಡುವಾಗಲೇ ತಾಮ್ರದ ಪಾಲನ್ನು ಡಾಲರಿನಲ್ಲಿ ಖಾಯಂ ಮಾಡಿಕೊಂಡಿರಬೇಕು. ಅದಾಗದ ವರ್ಷ ಈ ಸೂತ್ರವನ್ನು ಚೀಟಿಯಲ್ಲಿ ಹಾಕಲೇಬಾರದು.

ಮೊದಲೇ ಹತ್ತು ರೂಪಾಯಿ ಹೆಚ್ಚಿಗೆ ಬರೆದು ಸುಮ್ಮನಿರೋಣ ಎನ್ನುವವರೂ ನಮ್ಮಲ್ಲಿದ್ದಾರೆ. ಡಾಲರ್ ಏರದಿದ್ದರೂ ಆ ಹತ್ತು ರೂಪಾಯಿಯನ್ನು ಸದಸ್ಯರು ತೆತ್ತೇ ತೆರುತ್ತಾರೆ. ಡಾಲರ್ ವಿಪರೀತ ಏರಿದರೆ ಅದು ಯಾವ ಮೂಲೆಗೂ ಸಾಲದು. 2013ರ ಮೇ ಆರಂಭದಲ್ಲಿ 54 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತ್ತು. ಮೊದಲ ಸಿಂಪಡಣೆಗೂ ಮಳೆಗಾಲದ ಕೊನೆಯ ಸಿಂಪಡಣೆಗೂ ನಡುವಿನ ಅವಧಿ ಅಷ್ಟೇ. ಅಂಥ ವರ್ಷಕ್ಕಾಗಿ ಇನ್ನೊಂದು ಸಾಲು ಬೇಕು: ವ್ಯತ್ಯಾಸ 5 ರೂಪಾಯಿ ಮೀರಿದರೆ ಸದಸ್ಯರು ಚೀಟಿ ರದ್ದು ಮಾಡಿ ಮುಂಗಡವನ್ನು ಪೂರ್ತಿ ಹಿಂಪಡೆಯಬಹುದು. ಡಾಲರ್ ಏರಿದರೆ ಕಾಫಿಯವರಿಗೆ ಮಾರಾಟದಲ್ಲಾದರೂ ಒಂದಿಷ್ಟು ಮರಳಿ ಬಂದೀತು. ದೇಶದೊಳಗೇ ಮಾರುವ ಅಡಿಕೆಯವರಿಗೆ ಆ ಸಮಾಧಾನವೂ ಇಲ್ಲ.

ಮುಂದಿನ ಸಾಲಿನ ಚೀಟಿ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಈ ಎರಡು ಸಾಲುಗಳನ್ನು ಸರ್ವಸದಸ್ಯರ ಸಭೆಯ ಮುಂದಿಡುತ್ತೇವೆ. ಒಂದು ರೂಪಾಯಿಯ ವಿನಾಯಿತಿ ಸಾಲದು, ಎರಡಾಗಲಿ ಎನ್ನುವವರು ಅಂದು ಬಂದು ಹೇಳಬೇಕು.